ತಿಗಣೆ: ಮಂಚವೊಂದಕ್ಕೇ ಮದ್ದು ಹಾಕಿದರೆ ಸಾಲದೇಕೆ?

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಮನೆಗಳಲ್ಲಿ ತಿಗಣೆಯ ಕಾಟ ಕಂಡಾಗ ಮೊದಲು ಮಾಡುವ ಕೆಲಸ ಒಂದೇ. ಗಾದಿಯನ್ನು ಅಂಗಳಕ್ಕೆ ಹಾಕಿ ಬಿಸಿಲಿಗೆ ಒಣಗಿಸುತ್ತಾರೆ, ಮಂಚದ ಸಂದುಗಳಿಗೆ ಸೀಮೆಎಣ್ಣೆಯನ್ನೋ ಔಷಧಿಯನ್ನೋ ಹಾಕುತ್ತಾರೆ. ಎರಡು ವಾರ ನೆಮ್ಮದಿಯ ನಿದ್ದೆ ಬರುತ್ತದೆ. ಮೂರನೆಯ ವಾರಕ್ಕೆ ಕಡಿತ ಮತ್ತೆ ಶುರು. ಔಷಧಿಯೇ ಸರಿಯಿಲ್ಲವೆಂದು ಇನ್ನೂ ಕಟುವಾದ ವಿಷವನ್ನು ಹುಡುಕಿಕೊಂಡು ಹೋಗುವುದು ಇಲ್ಲಿಂದಲೇ. ನಿಜವಾದ ತಪ್ಪು ಔಷಧಿಯಲ್ಲಿರುವುದಕ್ಕಿಂತ ಹೆಚ್ಚಾಗಿ, ತಿಗಣೆ ಎಲ್ಲಿದೆ ಎಂದು ನೋಡದೆ ಇರುವುದರಲ್ಲಿದೆ.

ಗಾದಿಯಲ್ಲಿ ಹುಡುಕುವ ಕ್ರಮ

ಮೈಮೇಲಿನ ಗಂಧೆಯನ್ನು ನೋಡಿ ತಿಗಣೆಯೆಂದು ತೀರ್ಮಾನಿಸಬಾರದು. ಸೊಳ್ಳೆ, ಚಿಗಟ ಕಡಿದರೂ ಗಂಧೆ ಏಳುತ್ತದೆ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ಗುರುತೇ ಮೂಡದಿರಬಹುದು. ಆದ್ದರಿಂದ ಸಾಕ್ಷಿಯನ್ನು ಬಟ್ಟೆಯಲ್ಲಿ ಹುಡುಕಬೇಕು.

ಗಾದಿಯ ಕೆಳಗೆ ಒಂದು ಬಿಳಿ ಪಂಚೆಯನ್ನು ಹರಡಿರಿ. ಒಂದು ಬ್ಯಾಟರಿ ದೀಪ ಮತ್ತು ತೆಂಗಿನ ಗರಿಯ ಒಂದು ಕಡ್ಡಿ ಕೈಯಲ್ಲಿರಲಿ. ತಲೆದಿಂಬು ಇಡುವ ಕಡೆಯ ಮೂಲೆಯಿಂದ ಪ್ರಾರಂಭಿಸಿ, ಅಂಚಿನ ಹೊಲಿಗೆಯ ಮಡಿಕೆಯನ್ನು ಬೆರಳಿನಿಂದ ಬಿಡಿಸುತ್ತ, ಕಡ್ಡಿಯನ್ನು ಅದರೊಳಗೆ ನಿಧಾನವಾಗಿ ಎಳೆಯಿರಿ. ನಾಲ್ಕು ಅಂಚುಗಳಾದ ಮೇಲೆ, ಹತ್ತಿ ಸರಿಯದಂತೆ ಅಲ್ಲಲ್ಲಿ ದಾರದಿಂದ ಬಿಗಿದ ಗುಳಿಗಳನ್ನು ನೋಡಿ. ನಂತರ ಗಾದಿಯನ್ನು ಮಗುಚಿ ಅಡಿಭಾಗವನ್ನೂ ಹೀಗೆಯೇ ಪರೀಕ್ಷಿಸಿ.

ಸಿಗಬಹುದಾದ ಗುರುತುಗಳು ನಾಲ್ಕು. ಮೊದಲನೆಯದು ಜೀವಂತ ತಿಗಣೆ. ಬೆಳೆದದ್ದು ಸುಮಾರು 5 ಮಿಲಿಮೀಟರ್ ಉದ್ದ, ಚಪ್ಪಟೆ, ಕಂದು ಬಣ್ಣ. ಎರಡನೆಯದು ಮರಿಗಳು ಕಳಚಿದ ಪೊರೆ. ಇದು ಹೊಟ್ಟಿನಂತೆ ಹಗುರ, ತೆಳು ಹಳದಿ. ಮೂರನೆಯದು ಮೊಟ್ಟೆ. ಸುಮಾರು 1 ಮಿಲಿಮೀಟರ್ ಉದ್ದವಿದ್ದು, ಬೆಳ್ಳಗೆ ಬಟ್ಟೆಗೆ ಅಂಟಿಕೊಂಡಿರುವುದರಿಂದ ಕೊಡವಿದರೆ ಬೀಳುವುದಿಲ್ಲ. ನಾಲ್ಕನೆಯದು ಕಪ್ಪು ಚುಕ್ಕೆ, ಅಂದರೆ ಜೀರ್ಣವಾದ ರಕ್ತದ ಹಿಕ್ಕೆ.

ಕರಾವಳಿಯಲ್ಲಿ ಮೋಸವಾಗುವುದು ಈ ಕೊನೆಯ ಗುರುತಿನಲ್ಲಿ. ಮಳೆಗಾಲದ ಬೂಷ್ಟು ಕೂಡ ಕಪ್ಪು ಚುಕ್ಕೆಯಾಗಿಯೇ ಕಾಣುತ್ತದೆ. ಆದರೆ ಬೂಷ್ಟು ತೇವ ತಗಲಿದಲ್ಲೆಲ್ಲ ಹರಡಿರುತ್ತದೆ. ತಿಗಣೆಯ ಚುಕ್ಕೆ ಹೊಲಿಗೆಯ ಗುಂಟ ಗುಂಪಾಗಿರುತ್ತದೆ. ಅನುಮಾನವಿದ್ದರೆ ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ತಿಗಣೆಯದಾದರೆ ಬಟ್ಟೆಗೆ ಕೆಂಪುಮಿಶ್ರಿತ ಕಂದು ಬಣ್ಣ ಹತ್ತುತ್ತದೆ. ಜಿರಲೆಯ ಹಿಕ್ಕೆಯಾದರೆ ಅದು ಬಟ್ಟೆಗೆ ಇಂಗದೆ, ಕಾಳಿನಂತೆ ಮೇಲೆ ನಿಂತಿರುತ್ತದೆ.

ಮಂಚದ ಆಚೆ ಏನಿದೆ?

ತಿಗಣೆ ಮನುಷ್ಯನ ಮೈಮೇಲೆ ವಾಸಿಸುವುದಿಲ್ಲ. ಕೆಲವು ನಿಮಿಷ ರಕ್ತ ಹೀರಿ ಅಡಗುತಾಣಕ್ಕೆ ಮರಳುತ್ತದೆ. ಹೊಟ್ಟೆ ತುಂಬಿದ ತಿಗಣೆ ಹಲವು ದಿನ ಹೊರಗೆ ಬರುವುದೇ ಇಲ್ಲ. ಸಂಖ್ಯೆ ಹೆಚ್ಚಿದಂತೆ ಹೊಲಿಗೆಯ ಸಂದು ಸಾಲದಾಗಿ ಗೋಡೆಗೆ, ಬಾಗಿಲ ಚೌಕಟ್ಟಿಗೆ, ಫೋಟೋಗಳ ಹಿಂಬದಿಗೆ ಹರಡುತ್ತದೆ. ನಮ್ಮ ಕಡೆ ಗಿಲಾಯಿ ಮಾಡದ ಚಿರೆಕಲ್ಲಿನ ಗೋಡೆಗಳು ಇನ್ನೂ ಬಹಳ ಇವೆ. ಆ ಕಲ್ಲಿನ ಒಂದೊಂದು ತೂತೂ ತಿಗಣೆಗೆ ಒಂದೊಂದು ಮನೆ. ಸೊಳ್ಳೆ ಪರದೆಯ ಹೊಲಿಗೆಯೂ, ಕೋಣೆಯ ಮೂಲೆಗೆ ಒರಗಿಸಿದ ಗೋಣಿಚೀಲಗಳೂ, ಮುಂಬಯಿಯಿಂದಲೋ ಕೊಲ್ಲಿ ದೇಶದಿಂದಲೋ ಬಂದ ಪೆಟ್ಟಿಗೆಯ ಮೂಲೆಯೂ ಇದೇ ಪಟ್ಟಿಗೆ ಸೇರುತ್ತವೆ.

ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಇದಕ್ಕೊಂದು ಪಾಠವಿದೆ. 1946ರಲ್ಲಿ, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮಲೇರಿಯಾ ತಡೆಗಾಗಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಗಳ ಒಳಭಾಗಕ್ಕೆ ಡಿ.ಡಿ.ಟಿ. ಸಿಂಪಡಿಸಲಾಯಿತು. ಗುರಿ ಸೊಳ್ಳೆಯಾಗಿತ್ತು. ಆದರೆ ಇಂಥ ಸಿಂಪರಣೆ ನಡೆದ ಕಡೆಗಳಲ್ಲಿ ಮೊದಮೊದಲು ತಿಗಣೆಯೂ ಸತ್ತಿತು. ಔಷಧಿ ಬಿದ್ದದ್ದು ಗೋಡೆಗೆ. ತಿಗಣೆ ಓಡಾಡುವ ದಾರಿಯೂ ಅದೇ. ಮುಂದೆ ಡಿ.ಡಿ.ಟಿ.ಗೆ ಸಾಯದ ತಿಗಣೆಗಳು ಹುಟ್ಟಿಕೊಂಡವು. ಹವಾಯಿ ದ್ವೀಪದಲ್ಲಿ ಇದು 1947ರಲ್ಲಿಯೇ ಕಂಡುಬಂದಿತ್ತು. ಈಗ ಮನೆಗಳಲ್ಲಿ ಸಿಂಪಡಿಸುವ ಪೈರೆಥ್ರಾಯಿಡ್ ಗುಂಪಿನ ಔಷಧಿಗಳಿಗೂ ಅನೇಕ ಕಡೆ ತಿಗಣೆ ಜಗ್ಗುವುದಿಲ್ಲ.

ಒಂದು ಕೋಣೆಯ ಲೆಕ್ಕ

ಹೊನ್ನಾವರದ ಕಡೆಯ ಒಂದು ಮನೆಯ ಮಲಗುವ ಕೋಣೆಯಲ್ಲಿ 40 ತಿಗಣೆಗಳಿವೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. 30 ಮಂಚ ಮತ್ತು ಗಾದಿಯಲ್ಲಿವೆ, 10 ಗೋಡೆ ಮತ್ತು ಚೌಕಟ್ಟಿನಲ್ಲಿವೆ. ಮಂಚವನ್ನು ಉಪಚರಿಸಿದಾಗ 30ಕ್ಕೆ 30 ಸತ್ತವೆಂದೇ ಭಾವಿಸೋಣ. ಉಳಿದ 10ರಲ್ಲಿ 3 ಮೊಟ್ಟೆಯಿಡುವ ಹೆಣ್ಣುಗಳು. ಒಂದು ಹೆಣ್ಣು ದಿನಕ್ಕೆ ಎರಡು ಮೊಟ್ಟೆಯಿಟ್ಟರೂ ಮೂರು ವಾರದಲ್ಲಿ 126 ಮೊಟ್ಟೆಗಳಾದವು. ನಮ್ಮ ಸೆಕೆಯಲ್ಲಿ ಮೊಟ್ಟೆ ಒಂದರಿಂದ ಒಂದೂವರೆ ವಾರದಲ್ಲಿ ಒಡೆಯುತ್ತದೆ. ಮರಿ ಐದು ಸಲ ಪೊರೆ ಬಿಟ್ಟು, ಪ್ರತಿ ಸಲವೂ ರಕ್ತ ಕುಡಿದು, ಸುಮಾರು ಒಂದೂವರೆ ತಿಂಗಳಲ್ಲಿ ಬೆಳೆದ ತಿಗಣೆಯಾಗುತ್ತದೆ. ಎರಡು ವಾರದ ನೆಮ್ಮದಿಯ ಗುಟ್ಟು ಇಷ್ಟೇ.

ಮಂಚದಲ್ಲಿಯೂ ಪೂರ್ತಿ ಸಾಯುವುದು ಅಪರೂಪ. ಹೆಚ್ಚಿನ ಸಿಂಪರಣೆಗಳಿಗೆ ಮೊಟ್ಟೆ ಸುಲಭವಾಗಿ ಸಾಯುವುದಿಲ್ಲ. ಬಿಸಿಲಿನಲ್ಲಿ ಗಾದಿಯ ಮೇಲ್ಮೈ ಕಾದರೂ ಅಡಿಭಾಗ ತಂಪಾಗಿರುತ್ತದೆ; ತಿಗಣೆ ಅಲ್ಲಿಗೆ ಸರಿಯುತ್ತದೆ. ಮೊಟ್ಟೆಯೂ ಸಾಯಬೇಕಾದರೆ ಸಂದಿನ ಒಳಗಿನ ಶಾಖ 50 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ಮಾಡಬೇಕಾದ ಕ್ರಮ

ಕೋಣೆಯನ್ನು ಒಂದೇ ದಿನ ಪೂರ್ತಿಯಾಗಿ ಉಪಚರಿಸಬೇಕು. ಕಾಟವೆಂದು ಬೇರೆ ಕೋಣೆಗೆ ಹೋಗಿ ಮಲಗಬೇಡಿ; ತಿಗಣೆ ಹಸಿದು ತಿಂಗಳುಗಟ್ಟಲೆ ಬದುಕುತ್ತದೆ, ನಿಮ್ಮ ಹಾಸಿಗೆಯೊಂದಿಗೆ ಅಲ್ಲಿಗೂ ಬರುತ್ತದೆ. ಹೊದಿಕೆ, ದಿಂಬಿನ ಚೀಲ, ಹತ್ತಿಯ ಪರದೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿರಿ. ನೈಲಾನ್ ಪರದೆಗೆ ಕೈ ಸುಡುವಷ್ಟು ಬಿಸಿನೀರು ಸಾಕು. ಒಂದು ಗಂಟೆ ನೆನೆಯಲಿ. ಮಂಚವನ್ನು ಅಂಗಳದಲ್ಲಿ ಬಿಚ್ಚಿ ಪ್ರತಿ ಕೀಲಿಗೂ ಕುದಿಯುವ ನೀರು ಹೊಯ್ಯಿರಿ. ಗಾದಿ ಹಳೆಯದಾದರೆ ಹತ್ತಿಯನ್ನು ಹಿಂಜಿಸಿ ಹೊಸ ಚೀಲಕ್ಕೆ ತುಂಬಿಸುವುದು ಮೇಲು. ಗೋಡೆಯ ತೂತು, ಚೌಕಟ್ಟಿನ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿರಿ. ಔಷಧಿ ಬೇಕೆನಿಸಿದರೆ ಮನೆಬಳಕೆಗೆಂದು ಚೀಟಿಯಲ್ಲಿ ನಮೂದಿಸಿದ್ದನ್ನು ಮಾತ್ರ, ಅಲ್ಲಿ ಹೇಳಿದ ಪ್ರಮಾಣದಲ್ಲಿ, ಸಂದುಗಳಿಗೆ ಬಳಸಬೇಕು. ಮಲಗುವ ಮೇಲ್ಮೈಗೆ ಅಲ್ಲ.

ಬಳಿಕ ಮಂಚವನ್ನು ಗೋಡೆಯಿಂದ ಒಂದು ಗೇಣು ದೂರವಿಟ್ಟು, ಕಾಲುಗಳನ್ನು ಸಾಬೂನಿನ ನೀರಿರುವ ಬಟ್ಟಲುಗಳಲ್ಲಿ ನಿಲ್ಲಿಸಿರಿ. ನಮ್ಮ ಉಷ್ಣವಲಯದ ತಿಗಣೆ ನುಣುಪಾದ ಗಾಜನ್ನೂ ಹತ್ತಬಲ್ಲದು. ಆದ್ದರಿಂದ ಬರೀ ಬಟ್ಟಲು ಸಾಲದು, ನೀರು ಆರದಂತೆ ನೋಡಿಕೊಳ್ಳಬೇಕು. ಹೊದಿಕೆ ನೆಲಕ್ಕೆ, ಪರದೆ ಗೋಡೆಗೆ ತಾಗಿದರೆ ಅದೇ ಸೇತುವೆ. ದಿನವೂ ಬಟ್ಟಲನ್ನು ನೋಡಿ. ಹೊರಗಿನಿಂದ ಬಂದ ತಿಗಣೆ ನೀರಿನಲ್ಲಿ ಸಿಕ್ಕಿದರೆ ಗೋಡೆಯಲ್ಲಿ ಇನ್ನೂ ಇವೆಯೆಂದು ತಿಳಿಯಬೇಕು. 12ರಿಂದ 14 ದಿನಗಳಿಗೆ, ಹೊಸ ಮರಿಗಳು ಮೊಟ್ಟೆಯಿಡುವಷ್ಟು ಬೆಳೆಯುವ ಮೊದಲೇ, ಇಡೀ ಕೆಲಸವನ್ನು ಪುನಃ ಮಾಡಬೇಕು. ಇನ್ನೆರಡು ವಾರಕ್ಕೆ ಮೂರನೆಯ ಸಲ. ಎರಡು ತಿಂಗಳು ಬಟ್ಟಲೂ ಹೊಲಿಗೆಯೂ ಶುದ್ಧವಾಗಿದ್ದರೆ ಕೋಣೆ ಶುದ್ಧವಾಯಿತೆನ್ನಬಹುದು.

ಎಚ್ಚರಿಕೆ

ಗದ್ದೆ, ತೋಟಕ್ಕೆ ತಂದು ಉಳಿದ ಕೀಟನಾಶಕವನ್ನು ಹಾಸಿಗೆಗೆ ಎಂದೂ ಸಿಂಪಡಿಸಬಾರದು. ಧಾನ್ಯದ ದಾಸ್ತಾನಿಗೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನಂತೂ ಮನೆಯ ಯಾವ ಕೋಣೆಯಲ್ಲಿಯೂ ತೆರೆಯಕೂಡದು. ತೇವದ ಗಾಳಿ ತಗಲಿದೊಡನೆ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ್ದರೂ ಸಂದುಗಳ ಮೂಲಕ ಪಕ್ಕದ ಕೋಣೆಗೆ ನುಗ್ಗಿ ಮಲಗಿದವರನ್ನು ಕೊಲ್ಲಬಲ್ಲದು. ತಿಗಣೆಗೆಂದು ಹೀಗೆ ಗುಳಿಗೆ ಇಟ್ಟು ಮಕ್ಕಳು ಸತ್ತ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ. ತಿಗಣೆ ನಿದ್ದೆ ಕೆಡಿಸುತ್ತದೆ, ಜೀವ ತೆಗೆಯುವುದಿಲ್ಲ. ಅದಕ್ಕೆ ಕುದಿಯುವ ನೀರು, ಬ್ಯಾಟರಿ ದೀಪ ಮತ್ತು ಎರಡು ತಿಂಗಳ ತಾಳ್ಮೆಯೇ ತಕ್ಕ ಮದ್ದು.