ಬಾತ್‌ರೂಮ್ ಒಡೆದ ತಿಂಗಳ ಬಾಡಿಗೆ

ಮಗೂ, ಕೆಳಮನೆಯವರ ಚಾವಣಿಯಲ್ಲಿ ನೀರು ಜಿನುಗುತ್ತಿದೆ, ಅದಕ್ಕೆ ನಿನ್ನ ಬೆಡ್‌ರೂಮಿನ ಬಾತ್‌ರೂಮ್ ಒಡೆಯಬೇಕು ಎಂದು ಮನೆ ಮಾಲೀಕರು ಹೇಳಿದ ದಿನವೇ ಬಾಡಿಗೆಯ ಮಾತು ಎತ್ತು. ಕೆಲಸ ಮುಗಿದ ಮೇಲೆ ಕೇಳಿದರೆ ಅವರ ಕೈಯಲ್ಲಿ ಮೇಸ್ತ್ರಿಯ ಬಿಲ್ಲು ಇರುತ್ತದೆ. ಲಕ್ಷದ ಹತ್ತಿರ ಖರ್ಚು ಮಾಡಿ ಕೂತವರಿಗೆ ನಿನ್ನ ಮಾತು ಗಾಯಕ್ಕೆ ಉಪ್ಪು ಸವರಿದ ಹಾಗೆ ಕೇಳಿಸುತ್ತದೆ.

'ಒಂದು ವಾರದ ಕೆಲಸ ಅಷ್ಟೇ' ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಅಪಾರ್ಟ್‌ಮೆಂಟಿನ ಬಾತ್‌ರೂಮಿನಲ್ಲಿ ಸಾಮಾನ್ಯವಾಗಿ ನೆಲದ ಸ್ಲ್ಯಾಬನ್ನು ತಗ್ಗಾಗಿ ಹಾಕಿ, ಆ ಗುಂಡಿಯಲ್ಲಿ ಪೈಪು ಎಳೆದು, ಮೇಲೆ ಇಟ್ಟಿಗೆ ಚೂರು ತುಂಬಿ ಟೈಲ್ಸ್ ಹಾಕಿರುತ್ತಾರೆ. ನೀರು ನಿಲ್ಲುವುದು ಆ ಗುಂಡಿಯಲ್ಲಿ. ಹಾಗಾಗಿ ಕಮೋಡ್ ಕಿತ್ತು, ಟೈಲ್ಸ್ ಒಡೆದು, ಗುಂಡಿಯನ್ನೆಲ್ಲ ಬರಿದು ಮಾಡಿ, ಒಣಗಲು ಬಿಡಬೇಕು. ಪೈಪು ಬದಲಿಸಿ, ವಾಟರ್‌ಪ್ರೂಫಿಂಗ್ ಬಳಿದು, ಅದು ಆರಿದ ಮೇಲೆ ಇನ್ನೊಂದು ಕೋಟು. ಆಮೇಲೆ ನೀರು ತುಂಬಿಸಿ ಒಂದೆರಡು ದಿನ ಹಾಗೇ ಬಿಟ್ಟು, ಕೆಳಗೆ ತೇವ ಕಾಣುತ್ತದೆಯೇ ಎಂದು ನೋಡಬೇಕು. ಕಂಡರೆ ಮತ್ತೆ ಮೊದಲಿನಿಂದ. ಸರಿಯಾಗಿದ್ದರೆ ತುಂಬುವುದು, ಗಾರೆ, ಟೈಲ್ಸ್, ಸಂದು ತುಂಬುವುದು. ನಡುವೆ ಪ್ಲಂಬರ್ ಊರಿಗೆ ಹೋಗುತ್ತಾನೆ. ಇಷ್ಟೆಲ್ಲ ಮುಗಿಯಲು ಮೂರರಿಂದ ಐದು ವಾರ ಎಂದೇ ಲೆಕ್ಕ ಇಟ್ಟುಕೋ. ನೀರು ನಿಲ್ಲಿಸಿ ನೋಡುವ ದಿನಗಳನ್ನು ಅವಸರಕ್ಕೆ ಬಿಡಿಸಬೇಡ. ಅಲ್ಲಿ ಎರಡು ದಿನ ಉಳಿಸಿದರೆ ಆರು ತಿಂಗಳಲ್ಲಿ ಅದೇ ಟೈಲ್ಸ್ ಮತ್ತೆ ಒಡೆಯುತ್ತಾರೆ.

ಎಷ್ಟು ಕೇಳಬೇಕು ಎನ್ನುವಲ್ಲೇ ಬಹಳ ಜನ ಎಡವುತ್ತಾರೆ. ಚದರಡಿ ಲೆಕ್ಕ ಹಿಡಿದರೆ ನೀನೇ ಸೋಲುತ್ತೀ. ಸಾವಿರ ಚದರಡಿಯ ಮನೆಯಲ್ಲಿ ನಲವತ್ತು ಚದರಡಿಯ ಬಾತ್‌ರೂಮ್ ಎಂದರೆ ನೂರಕ್ಕೆ ನಾಲ್ಕು. ಬೆಳಿಗ್ಗೆ ಏಳೂವರೆಗೆ ನಾಲ್ಕು ಜನ ಒಂದೇ ಬಾಗಿಲ ಮುಂದೆ ಟವೆಲ್ ಹಿಡಿದು ನಿಂತಿರುವುದು ಆ ನಾಲ್ಕರಲ್ಲಿ ಬರುವುದಿಲ್ಲ. 'ಅರ್ಧ ಬಾಡಿಗೆ ಬಿಡಿ' ಎನ್ನುವುದೂ ತಪ್ಪು, ಅದಕ್ಕೆ ಆಧಾರವಿಲ್ಲ. ಈಗ ನಿನಗೆ ಉಳಿದಿರುವಷ್ಟು ಮನೆ ನಿಮ್ಮ ಬಡಾವಣೆಯಲ್ಲಿ ಎಷ್ಟಕ್ಕೆ ಬಾಡಿಗೆಗೆ ಸಿಗುತ್ತದೆ, ಅದನ್ನು ಕೇಳಿ ತಿಳಿದುಕೋ. ಮಾಲೀಕರೂ ಅದೇ ಪೇಟೆಯಲ್ಲಿ ಬಾಡಿಗೆ ನಿಗದಿ ಮಾಡಿದವರು, ಆ ಭಾಷೆ ಅವರಿಗೆ ಅರ್ಥವಾಗುತ್ತದೆ.

ಬೆಂಗಳೂರಿನಲ್ಲಿ ನನ್ನ ತಮ್ಮನ ಮಗಳು ಮಾಡಿದ್ದು ಹೀಗೆ. ಎರಡು ಬೆಡ್‌ರೂಮಿನ ಮನೆ, ತಿಂಗಳಿಗೆ 24,000 ಬಾಡಿಗೆ. ಫೆಬ್ರವರಿ 3ರಂದು ಮಂಚ, ಬೀರು ಹಾಲಿಗೆ ಬಂದವು. ರೂಮಿನ ತುಂಬ ಸಿಮೆಂಟ್ ಚೀಲ, ಹೊಸ ಟೈಲ್ಸಿನ ಪೆಟ್ಟಿಗೆ. ಮಾರ್ಚ್ 5ರವರೆಗೆ, ಅಂದರೆ 31 ದಿನ, ರೂಮೂ ಇಲ್ಲ, ಬಾತ್‌ರೂಮೂ ಇಲ್ಲ. 6ರಂದು ರೂಮು ಗುಡಿಸಿ ಮಂಚ ಒಳಗೆ ಹಾಕಿದಳು. ಬಾತ್‌ರೂಮ್ ಮಾತ್ರ 12ರವರೆಗೆ ಬಂದ್, ಇನ್ನೊಂದು 7 ದಿನ. ಅದೇ ಕಾಂಪ್ಲೆಕ್ಸಿನಲ್ಲಿ ಒಂದು ಬೆಡ್‌ರೂಮಿನ ಮನೆಗೆ 17,000 ಇತ್ತು. ವ್ಯತ್ಯಾಸ 7,000, ದಿನಕ್ಕೆ 233 ರೂಪಾಯಿ. ಒಂದೇ ಬಾತ್‌ರೂಮ್ ಇರುವ ಎರಡು ಬೆಡ್‌ರೂಮಿನ ಹಳೇ ಮನೆಗಳು ಪಕ್ಕದ ರಸ್ತೆಯಲ್ಲಿ 2,500 ಕಡಿಮೆಗೆ ಸಿಗುತ್ತಿದ್ದವು, ದಿನಕ್ಕೆ 83. ಎರಡೂ ಸೇರಿ 7,804 ಆಯಿತು. 7,800 ಎಂದು ಒಪ್ಪಂದವಾಯಿತು. ಕೊನೆಯ ವಾರವನ್ನು ಅವಳೇ ಕಡಿಮೆ ದರಕ್ಕೆ ಹಾಕಿದ್ದನ್ನು ನೋಡಿ ಮಾಲೀಕರು ಉಳಿದ ಲೆಕ್ಕವನ್ನು ಕೆದಕಲಿಲ್ಲ. ಸಂಘಕ್ಕೆ ಕಟ್ಟುವ ಮೇಂಟೆನೆನ್ಸ್ ದುಡ್ಡನ್ನು ಅವಳು ಮುಟ್ಟಲಿಲ್ಲ. ಲಿಫ್ಟು, ನೀರು, ಕಾವಲುಗಾರ ಎಲ್ಲ ಮೊದಲಿನಂತೆಯೇ ಇದ್ದವಲ್ಲ.

ಮಾಲೀಕರು ಮೊದಲು ಇನ್ನೊಂದು ಮಾತು ಮುಂದಿಟ್ಟಿದ್ದರು: ದುಡ್ಡು ಬೇಡ, ಈ ಸಲದ ಶೇಕಡಾ 5 ಏರಿಕೆಯನ್ನು ಬಿಡುತ್ತೇನೆ. ಅದು ತಿಂಗಳಿಗೆ 1,200, ಹನ್ನೊಂದು ತಿಂಗಳಿಗೆ 13,200. ಪೂರ್ತಿ ಅವಧಿ ಇರುವವರಿಗೆ ಅದೇ ಲಾಭ. ಇವಳಿಗೆ ನಾಲ್ಕು ತಿಂಗಳಲ್ಲಿ ಪುಣೆಗೆ ಹೋಗುವುದಿತ್ತು, ಸಿಗುವುದು 4,800 ಮಾತ್ರ. ಆದ್ದರಿಂದ ಈಗಲೇ ಕಳೆಯಿರಿ ಎಂದಳು. ನೀನೂ ಎಷ್ಟು ದಿನ ಇರುತ್ತೀ ಎಂದು ನೋಡಿಕೊಂಡೇ ಉತ್ತರ ಕೊಡು.

ಕೇಳುವುದು ಫೋನಿನಲ್ಲಿ ಅಥವಾ ಎದುರು ಕೂತು. ಆಮೇಲೆ ಅದೇ ದಿನ ವಾಟ್ಸಾಪಿನಲ್ಲಿ ಹಾಕು: 'ಅಂಕಲ್, ಬೆಳಿಗ್ಗೆ ಮಾತಾಡಿದಂತೆ, ಫೆಬ್ರವರಿ 3ರಿಂದ ರೂಮು ಖಾಲಿ ಮಾಡಿಕೊಟ್ಟಿದ್ದೇನೆ. ರೂಮು, ಬಾತ್‌ರೂಮ್ ಬಳಸಲು ಆಗದ ದಿನಗಳಿಗೆ ದಿನಕ್ಕೆ 233ರಂತೆ ಮುಂದಿನ ಬಾಡಿಗೆಯಲ್ಲಿ ಕಳೆಯೋಣ ಎಂದಿರಿ. ಸರಿ ಇದ್ದರೆ ಓಕೆ ಅನ್ನಿ.' ಆ ಒಂದು ಓಕೆ ಬರುವವರೆಗೆ ಬಿಡಬೇಡ. ಖಾಲಿ ರೂಮಿನದೊಂದು ಫೋಟೊ ಶುರುವಿನ ದಿನ, ಮೊದಲ ಸಲ ಸ್ನಾನ ಮಾಡಿದ ದಿನ ಇನ್ನೊಂದು. ಮೇಸ್ತ್ರಿ ಸಾಮಾನು ಎತ್ತಿಕೊಂಡು ಹೋದ ದಿನ ಕೊನೆಯ ದಿನವಲ್ಲ, ನಲ್ಲಿಯಲ್ಲಿ ನೀರು ಬಂದು ನೀನು ಬಳಸಿದ ದಿನವೇ ಕೊನೆ. ಗೋಡೆಯ ತೇವದ ಕಲೆಯ ಫೋಟೊವನ್ನೂ ಇಟ್ಟುಕೋ, ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸಿನಿಂದ ಕಳೆಯಲು ಬಂದರೆ ಬೇಕಾಗುತ್ತದೆ.

ಓಕೆ ಬರುವ ಮೊದಲು ನೀನಾಗಿ ಬಾಡಿಗೆ ಕಡಿತ ಮಾಡಬೇಡ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಬಾಡಿಗೆಯಿಂದ ಕಳೆಯಲು ಅವಕಾಶ ಕೊಡುತ್ತದೆ ಎಂದು ಯಾರಾದರೂ ಹೇಳಬಹುದು. ಅದು ಬೇರೆ ಸಂದರ್ಭಕ್ಕೆ: ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದೆ ಹೋದಾಗ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಹಿಡಿದುಕೊಳ್ಳುವುದು. ಬಳಸಲು ಆಗದ ರೂಮಿಗೆ ಇಷ್ಟು ಕಡಿತ ಎಂದು ಅದು ಹೇಳುವುದಿಲ್ಲ. ನ್ಯಾಯ ನಿನ್ನ ಕಡೆ ಇಲ್ಲವೆಂದಲ್ಲ. ಕೋಲ್ಕತ್ತದ ಒಂದು ಫ್ಲ್ಯಾಟಿನಲ್ಲಿ ಒಂದು ಬೆಡ್‌ರೂಮನ್ನು ಮಾಲೀಕರು ವಶಕ್ಕೆ ಕೊಡದೇ ಇದ್ದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1966ರಲ್ಲೇ, ಬಾಡಿಗೆ ಪೂರ್ತಿ ನಿಲ್ಲಿಸುವಂತಿಲ್ಲ, ಸಿಕ್ಕಿದ ಭಾಗಕ್ಕೆ ತಕ್ಕಷ್ಟು ಕೊಡಬೇಕು ಎಂದಿತು. ಅದು ರಿಪೇರಿಯ ಕೇಸಲ್ಲ, ಆದರೆ ಸಿಕ್ಕಿದಷ್ಟಕ್ಕೆ ಬಾಡಿಗೆ ಎಂಬ ದಾರಿ ಅಲ್ಲಿದೆ. ಏಳೆಂಟು ಸಾವಿರಕ್ಕೆ ಕೋರ್ಟಿನ ಮೆಟ್ಟಿಲು ಹತ್ತುವುದು ಬೇಡ. ಒಪ್ಪದಿದ್ದರೆ ಪೂರ್ತಿ ಬಾಡಿಗೆ ಬ್ಯಾಂಕಿನ ಮೂಲಕ ಕಟ್ಟಿ, ಕಡಿತದ ವಿಷಯ ಇನ್ನೂ ತೀರ್ಮಾನವಾಗಿಲ್ಲ ಎಂದು ಒಂದು ಸಾಲು ಬರೆದು ಕಳಿಸು, ಅಗ್ರಿಮೆಂಟ್ ನವೀಕರಿಸುವಾಗ ಮತ್ತೆ ಕೇಳು. ಬಾಡಿಗೆ ಬಾಕಿ ಉಳಿಸಿಕೊಂಡವರೆಂಬ ಹೆಸರು ನಿನಗೆ ಬರಬಾರದು, ಹತ್ತು ತಿಂಗಳ ಅಡ್ವಾನ್ಸು ಅವರ ಕೈಯಲ್ಲಿದೆ.

ಕೇಳಬಾರದ ಸಂದರ್ಭಗಳೂ ಇವೆ. ನೀನು ಮೊಳೆ ಹೊಡೆದು ಪೈಪು ತೂತಾಗಿದ್ದರೆ ಬಾಯಿ ತೆರೆಯಬೇಡ. ಆಫೀಸಿಗೆ ಹೋಗುವಾಗ ಬೀಗ ಹಾಕಿಕೊಂಡು ಹೋಗಿ ಕೆಲಸದವರು ಬಾಗಿಲಿಂದ ವಾಪಸಾದ ದಿನಗಳನ್ನು ಲೆಕ್ಕದಿಂದ ತೆಗೆ. ಎರಡು ದಿನದ ನಲ್ಲಿ ರಿಪೇರಿಗೂ ಕೈ ಚಾಚಬೇಡ.

ಆಫೀಸಿನಲ್ಲಿ ಎಚ್‌ಆರ್‌ಎ ತೋರಿಸುವವಳಾದರೆ ಆ ತಿಂಗಳ ರಸೀದಿಯಲ್ಲಿ ನಿಜವಾಗಿ ಕೊಟ್ಟ ಮೊತ್ತವೇ ಇರಲಿ. ನಿಮ್ಮ ಮನೆಯಲ್ಲಿ ಟೈಲ್ಸ್ ಒಡೆಯುವುದು ಇನ್ನೂ ಶುರುವಾಗಿಲ್ಲ ತಾನೇ? ಹಾಗಾದರೆ ಇವತ್ತು ಸಂಜೆಯೇ ಅಕ್ಕಪಕ್ಕದ ಬಾಡಿಗೆ ವಿಚಾರಿಸಿಕೊಂಡು ಮಾಲೀಕರಿಗೆ ಫೋನ್ ಮಾಡು.