ಬಾಗಿಲ ಮೇಲೆ 28 ಟನ್, ಒಳಗೆ ಬರೀ 17 ಯಾಕೆ?

ಪ್ರಶ್ನೆ: ನಮ್ಮ ಕಡೆಯ ಬೆಲ್ಲ ಅಮೆರಿಕಕ್ಕೆ ಹೋಗುವಾಗ 20 ಅಡಿ ಕಂಟೇನರ್‌ನಲ್ಲಿ 17 ಟನ್ ಅಷ್ಟೇ ತುಂಬಿದರು. ಬಾಗಿಲ ಮೇಲೆ 28 ಟನ್ ಅಂತ ಬರೆದಿತ್ತು, ಮೇಲೆ ಜಾಗವೂ ಇತ್ತು. ಏನಿದರ ಲೆಕ್ಕ?
– ಓದುಗರೊಬ್ಬರು, ಕಟಕೋಳ

ಉತ್ತರ: ಬಾಗಿಲ ಮೇಲಿನದು ಆ ಪೆಟ್ಟಿಗೆ ತಡೆಯುವ ಭಾರ. ಹಡಗಿಗೂ ಅದು ಹೊರೆಯಲ್ಲ. ಅಡ್ಡ ಬರುವುದು ಆಚೆ ಬಂದರಿನಿಂದ ಗೋದಾಮಿನವರೆಗಿನ ರಸ್ತೆ. 2018ರ ಪರಿಷ್ಕರಣೆಯ ನಂತರ ನಮ್ಮಲ್ಲಿ ಜೋಡಿ ಎಕ್ಸಲ್‌ಗೆ 21 ಟನ್ ಮಿತಿ. ಅಮೆರಿಕದ ಹೆದ್ದಾರಿಯಲ್ಲಿ ಅದೇ ಜೋಡಿಗೆ 34,000 ಪೌಂಡ್, ಅಂದರೆ 15.4 ಟನ್ ಮಾತ್ರ. 20 ಅಡಿಯ ಪೆಟ್ಟಿಗೆ ಗಿಡ್ಡ, ಭಾರವೆಲ್ಲ ಒಂದೇ ಕಡೆ ಕೂಡುತ್ತದೆ. ಹಾಗಾಗಿ ಸಾಮಾನ್ಯ ಟ್ರೇಲರ್‌ಗೆ ಸುಮಾರು 17 ಟನ್ ಸರಕಿಗೇ ನಿಲ್ಲಿಸುತ್ತಾರೆ. ಮೂರು ಎಕ್ಸಲ್‌ನ ಟ್ರೇಲರ್ ತರಿಸಿದರೆ 20ರ ಹತ್ತಿರ ಹೋಗಬಹುದು, ಬಾಡಿಗೆ ಮಾತ್ರ ಹೆಚ್ಚು.

ಇನ್ನು ಜೋಡಣೆಗೆ ಬನ್ನಿ. 40×30×20 ಸೆಂ.ಮೀ. ಅಳತೆಯ, 20 ಕೆ.ಜಿ. ತೂಗುವ ಬೆಲ್ಲದ ರಟ್ಟಿನ ಪೆಟ್ಟಿಗೆಗಳೆಂದು ಹಿಡಿಯೋಣ. 17 ಟನ್‌ಗೆ 850 ಪೆಟ್ಟಿಗೆ. ಅಡ್ಡಕ್ಕೆ 7, ಉದ್ದಕ್ಕೆ 14 ಇಟ್ಟರೆ ಒಂದು ಥರಕ್ಕೆ 98 ಹಿಡಿಯುತ್ತವೆ. ಹಮಾಲರಿಗೆ ಸುಲಭವಾದದ್ದು ಒಳಗೋಡೆಯಿಂದ ಚಾವಣಿವರೆಗೆ 11 ಎತ್ತರ ಒಟ್ಟುತ್ತ ಬರುವುದು. ಹಾಗೆ ಮಾಡಿದರೆ 4.4 ಮೀಟರಿಗೇ ಸರಕು ಮುಗಿದು, ಬಾಗಿಲ ಕಡೆ ಒಂದೂವರೆ ಮೀಟರ್ ಖಾಲಿ ಉಳಿಯುತ್ತದೆ. ಮುಂದಿನ ಅರ್ಧದಲ್ಲೇ ಮೂರರಲ್ಲಿ ಎರಡು ಪಾಲು ಭಾರ! ಅರ್ಧ ಉದ್ದದಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಬೀಳಬಾರದೆಂಬುದು ರೂಢಿಯ ನಿಯಮ. ಒಟ್ಟು ತೂಕ ಸರಿಯಿದ್ದರೂ ಎಂಜಿನ್ ಗಾಡಿಯ ಹಿಂದಿನ ಎಕ್ಸಲ್ ಮಿತಿ ಮೀರುವುದು ಹೀಗೆಯೇ.

ಅದಕ್ಕೇ ನೆಲದ ತುಂಬ 8 ಥರ ಹಾಕಿ, ಉಳಿದ 66 ಪೆಟ್ಟಿಗೆಗಳನ್ನು ಒಂಬತ್ತನೇ ಥರದಲ್ಲಿ ನಡುಮಧ್ಯೆ ಇಟ್ಟು, ಜಾರದಂತೆ ಬಿಗಿಯುತ್ತಾರೆ. ನೀವು ಕಂಡ ಖಾಲಿ ಜಾಗ ಇದೇ.

ಆದರೆ ಆಗ ತಳದ ಪೆಟ್ಟಿಗೆಯ ತಲೆ ಮೇಲೆ 160 ಕೆ.ಜಿ. ಕೂತಿರುತ್ತದೆ. ಪೆಟ್ಟಿಗೆ ಮೇಲೆ 6 ಎತ್ತರದ ಮಿತಿ ಅಚ್ಚಾಗಿದ್ದರೆ ಈ ಜೋಡಣೆ ನಡೆಯದು. ನಡುವೆ ಪ್ಲೈವುಡ್ ಹಾಕಿದರೂ ಭಾರ ಸಮನಾಗಿ ಹಂಚುತ್ತದೆ ಅಷ್ಟೇ, ಕಡಿಮೆಯಾಗುವುದಿಲ್ಲ. ಗಟ್ಟಿ ರಟ್ಟೇ ಬೇಕು. ರಟ್ಟಿನ ಬಲ ಇರುವುದು ನಾಲ್ಕು ಮೂಲೆಗಳಲ್ಲಿ. ಆದ್ದರಿಂದ ಮೂಲೆ ಮೇಲೆ ಮೂಲೆ ಬರುವಂತೆ ಒಟ್ಟಬೇಕು. ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ತಪ್ಪಿಸಿ ಇಟ್ಟರೆ ನೋಡಲು ಭದ್ರ, ತಳದವು ಮಾತ್ರ ಬೇಗ ಕುಸಿಯುತ್ತವೆ. ಸಮುದ್ರದ ತೇವಕ್ಕೆ ರಟ್ಟು ಇನ್ನೂ ಮೆತ್ತಗಾಗುತ್ತದೆ. ಪಕ್ಕಗಳು ಉಬ್ಬಿದ್ದು ಕಂಡರೆ ಕುಸಿತ ಶುರುವಾಗಿದೆ ಎಂದೇ ತಿಳಿಯಿರಿ.

ತುಂಬಿದ ಕಂಟೇನರ್‌ನ ಖಚಿತ ತೂಕ ಕೊಡದಿದ್ದರೆ 2016ರ ಜುಲೈ 1ರಿಂದ ಹಡಗಿಗೆ ಏರಿಸುವುದಿಲ್ಲ. ಹೇಗೂ ಕಾಟಾಕ್ಕೆ ಹೋಗುತ್ತೀರಿ, ಮೊದಲು ಎಂಜಿನ್ ಗಾಡಿಯ ಚಕ್ರಗಳನ್ನಷ್ಟೇ ಹತ್ತಿಸಿ ತೂಗಿಸಿ, ಆಮೇಲೆ ಇಡೀ ಗಾಡಿ. ಖಾಲಿ ಗಾಡಿಯನ್ನೂ ಹೀಗೇ ತೂಗಿಸಿಟ್ಟಿದ್ದರೆ, ಸರಕಿನ ಭಾರ ಎಷ್ಟು ಮುಂದೆ, ಎಷ್ಟು ಹಿಂದೆ ಬಿತ್ತೆಂದು ಎರಡು ಚೀಟಿಗಳೇ ಹೇಳುತ್ತವೆ. ಸೀಲ್ ಹಾಕುವ ಮುಂಚೆ ನಾಲ್ಕು ಸಾಲು ಸರಿಸಿದರೆ ಮುಗಿಯಿತು. ಆಚೆ ದಡದಲ್ಲಿ ಗೊತ್ತಾದರೆ ಬೇರೆ ಗಾಡಿಗೆ ಇಳಿಸಿ ತುಂಬಬೇಕು, ಆ ಬಿಲ್ಲು ಬರುವುದು ಬೆಲ್ಲ ಕಳಿಸಿದವರಿಗೇ.