ಕ್ಯಾರಿ-ಸೆಲೆಕ್ಟ್ ಆ್ಯಡರ್: ಕಾಯುವ ಬದಲು ಎರಡು ಉತ್ತರ

2547ಕ್ಕೆ 1368 ಕೂಡಿಸಬೇಕು. ಬಲಗಡೆಯ 47 ಮತ್ತು 68 ಕೂಡಿದ ಮೇಲೆಯೇ ಎಡಗಡೆಗೆ ದಶಕ ಬರುತ್ತದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಆದರೆ ಅಷ್ಟರೊಳಗೆ ಇನ್ನಿಬ್ಬರು ಎಡಗಡೆಯ 25 ಮತ್ತು 13ನ್ನು ಕೂಡಿಸಿಡಬಹುದು. ಒಬ್ಬರು ದಶಕ ಇಲ್ಲವೆಂದು 38 ಬರೆಯುತ್ತಾರೆ, ಇನ್ನೊಬ್ಬರು ಇದೆಯೆಂದು 39 ಬರೆಯುತ್ತಾರೆ. ಬಲಗಡೆಯ ಮೊತ್ತ 115. ದಶಕ ಬಂದಿದೆ, ಆದ್ದರಿಂದ 39ನ್ನು ಆರಿಸಿದರೆ ಉತ್ತರ 3915.

1962ರಲ್ಲಿ ಒ. ಜೆ. ಬೆಡ್ರಿಜ್ ಪ್ರಕಟಿಸಿದ ಕ್ಯಾರಿ-ಸೆಲೆಕ್ಟ್ ಆ್ಯಡರ್ ಮಾಡುವುದು ಇದನ್ನೇ. ಕಂಪ್ಯೂಟರಿನಲ್ಲಿ ದಶಕದ ಜಾಗದಲ್ಲಿ ಕ್ಯಾರಿ ಇರುತ್ತದೆ. ಎರಡು ಉತ್ತರಗಳಲ್ಲಿ ಒಂದನ್ನು ಆರಿಸುವ ಕೆಲಸ ಮಲ್ಟಿಪ್ಲೆಕ್ಸರ್, ಅಂದರೆ ಮಕ್ಸ್‌ನದು.

16 ಬಿಟ್‌ಗಳ ಲೆಕ್ಕ ನೋಡೋಣ. ಕ್ಯಾರಿ ಒಂದು ಫುಲ್ ಆ್ಯಡರ್ ದಾಟಲು 1 ಘಟಕ ಸಮಯ, ಒಂದು ಮಕ್ಸ್ ದಾಟಲೂ 1 ಘಟಕ ಎಂದಿಟ್ಟುಕೊಳ್ಳಿ. ಸಾಮಾನ್ಯ ರಿಪಲ್ ಆ್ಯಡರ್‌ಗೆ 16 ಫುಲ್ ಆ್ಯಡರ್ ಸಾಕು, ಆದರೆ 16 ಘಟಕ ಸಮಯ ಬೇಕು.

ಈಗ ನಾಲ್ಕು ಬಿಟ್‌ಗಳ ನಾಲ್ಕು ಬ್ಲಾಕ್ ಮಾಡೋಣ. ಮೊದಲ ಬ್ಲಾಕಿಗೆ ಹೊರಗಿನಿಂದ ಬರುವ ಕ್ಯಾರಿ ಮೊದಲೇ ಗೊತ್ತು, ಒಂದೇ ಉತ್ತರ ಸಾಕು. ಉಳಿದ ಮೂರು ಬ್ಲಾಕ್‌ಗಳಲ್ಲಿ ಎಲ್ಲವೂ ಎರಡೆರಡು. ಒಟ್ಟು 4 + 24 = 28 ಫುಲ್ ಆ್ಯಡರ್, ಜೊತೆಗೆ ಮಕ್ಸ್‌ಗಳ ಖರ್ಚು. ಸಮಯ ಮಾತ್ರ 4 + 3 = 7 ಘಟಕಕ್ಕೆ ಇಳಿಯಿತು.

ಇಲ್ಲೂ ಒಂದು ನಷ್ಟ ಅಡಗಿದೆ. ಎಲ್ಲ ಬ್ಲಾಕ್‌ಗಳೂ 4ನೇ ಘಟಕಕ್ಕೇ ಸಿದ್ಧವಾಗುತ್ತವೆ. ಕೊನೆಯ ಬ್ಲಾಕಿಗೆ ಕ್ಯಾರಿ ಬರುವುದು 6ಕ್ಕೆ. ಎರಡು ಘಟಕ ಅದು ಸುಮ್ಮನೆ ಕಾಯುತ್ತದೆ. ಹೇಗೂ ಕಾಯುವುದಾದರೆ ಅದಕ್ಕೆ ಹೆಚ್ಚು ಬಿಟ್ ಕೊಡಬಹುದಲ್ಲವೇ?

ಬಲದಿಂದ 2, 2, 3, 4, 5 ಎಂದು ಹಂಚಿ ನೋಡಿ. ಮೊದಲ ಬ್ಲಾಕಿನ ಕ್ಯಾರಿ 2ಕ್ಕೆ ಬರುತ್ತದೆ, ಆಗಲೇ ಎರಡನೆಯ ಬ್ಲಾಕ್ ಸಿದ್ಧವಾಗಿರುತ್ತದೆ. ಅದರ ಮಕ್ಸ್ ದಾಟಿ ಕ್ಯಾರಿ 3ಕ್ಕೆ ಮುಂದೆ ಹೋದಾಗ ಮೂರು ಬಿಟ್‌ಗಳ ಬ್ಲಾಕ್ ಸಿದ್ಧ, 4ಕ್ಕೆ ನಾಲ್ಕರದು, 5ಕ್ಕೆ ಐದರದು. ಕೊನೆಯ ಮಕ್ಸ್ ಸೇರಿ 6 ಘಟಕ. ಯಾರೂ ಯಾರಿಗೂ ಕಾಯಲಿಲ್ಲ. ಖರ್ಚು 2 + 28 = 30 ಫುಲ್ ಆ್ಯಡರ್, ಅಂದರೆ ಎರಡು ಮಾತ್ರ ಹೆಚ್ಚು.

ಆಸೆಪಟ್ಟು 2, 2, 3, 3, 6 ಎಂದು ಹಂಚಿದರೆ? ಕ್ಯಾರಿ 5ಕ್ಕೇ ಬಂದು ನಿಲ್ಲುತ್ತದೆ, ಆರು ಬಿಟ್‌ಗಳ ಬ್ಲಾಕ್ 6ಕ್ಕೆ ಸಿದ್ಧವಾಗುತ್ತದೆ. ಸಮಯ ಮತ್ತೆ 7. ಆದ್ದರಿಂದ ಪ್ರತಿ ಬ್ಲಾಕಿಗೂ ಎರಡು ಸಮಯ ಬರೆದುಕೊಳ್ಳಿ: ಅದು ಸಿದ್ಧವಾಗುವುದು ಯಾವಾಗ, ಕ್ಯಾರಿ ಬರುವುದು ಯಾವಾಗ. ಬ್ಲಾಕ್ ಮೊದಲು ಮುಗಿಸಿದರೆ ಅದು ಚಿಕ್ಕದು, ಕ್ಯಾರಿ ಮೊದಲು ಬಂದರೆ ಅದು ದೊಡ್ಡದು.

ಒಂದು ಎಚ್ಚರಿಕೆ. ಐದು ಬಿಟ್‌ಗಳ ಬ್ಲಾಕಿನಲ್ಲಿ ಒಂದೇ ಕ್ಯಾರಿ ಆರು ಮಕ್ಸ್‌ಗಳನ್ನು ನಡೆಸಬೇಕು: ಮೊತ್ತಕ್ಕೆ ಐದು, ಮುಂದಿನ ಕ್ಯಾರಿಗೆ ಒಂದು. ಹೊರೆ ಹೆಚ್ಚಿದಂತೆ ಅದು ನಿಧಾನವಾಗುತ್ತದೆ. ಹಾಗಾಗಿ ನಿಜವಾದ ಚಿಪ್‌ನಲ್ಲಿ ಮಕ್ಸ್‌ಗೆ 1 ಘಟಕ ಎಂದು ಊಹಿಸದೆ, ಅಳೆದ ಸಮಯವನ್ನೇ ಹಾಕಿ ಬ್ಲಾಕ್‌ಗಳನ್ನು ಹಂಚಬೇಕು.